ಇಡೀ ದಿನ ಮಳೆ, ಡೈರಿಯಲ್ಲಿ 33 ಡಿಗ್ರಿ: ಹವಾಮಾನ ದಾಖಲೆಯ ಅಂಕಿ ಯಾವ ದಿನದ್ದು?

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಒಂದು ತಿಂಗಳು ಹವಾಮಾನ ಡೈರಿ ಬರೆಯುತ್ತಿದ್ದಾಳೆ ಅಂದುಕೊಳ್ಳಿ. ದಿನಾ ಸಂಜೆ 4 ಗಂಟೆಗೆ, ಶಾಲೆಯಿಂದ ಬಂದ ಕೂಡಲೇ, ಗರಿಷ್ಠ-ಕನಿಷ್ಠ ಥರ್ಮಾಮೀಟರ್ ನೋಡಿ ಬರೆದುಕೊಳ್ಳುತ್ತಾಳೆ. ಮೊದಲ ವಾರದ ಎರಡು ಸಾಲು ಹೀಗಿವೆ:

"ಸೋಮವಾರ. ಗರಿಷ್ಠ 34.0, ಕನಿಷ್ಠ 21.2. ಆಕಾಶದಲ್ಲಿ ಮೋಡವೇ ಇಲ್ಲ. ಮಳೆ ಇಲ್ಲ."

"ಮಂಗಳವಾರ. ಗರಿಷ್ಠ 33.4, ಕನಿಷ್ಠ 21.8. ರಾತ್ರಿಯಿಂದಲೇ ಮೋಡ, ಇಡೀ ದಿನ ಜಿಟಿಜಿಟಿ ಮಳೆ. ಮಧ್ಯಾಹ್ನವೂ ಚಳಿ."

ಮಧ್ಯಾಹ್ನವೂ ಚಳಿ ಆದ ದಿನ 33.4 ಡಿಗ್ರಿ ಎಲ್ಲಿಂದ ಬಂತು? ಥರ್ಮಾಮೀಟರ್ ಕೆಟ್ಟಿಲ್ಲ, ಹುಡುಗಿ ತಪ್ಪು ಓದಿಯೂ ಇಲ್ಲ. ಆ 33.4 ನಿಜವಾದ ಉಷ್ಣತೆಯೇ. ಆದರೆ ಅದು ಮಂಗಳವಾರದ್ದಲ್ಲ, ಸೋಮವಾರದ್ದು.

ಇದು ಅರ್ಥವಾಗಬೇಕಾದರೆ ಆ ಉಪಕರಣ ಕೆಲಸ ಮಾಡುವ ರೀತಿ ಗೊತ್ತಿರಬೇಕು. ಹಳೇ ಮಾದರಿಯದು ಇಂಗ್ಲಿಷಿನ ಯು ಅಕ್ಷರದ ಹಾಗೆ ಬಾಗಿದ ಗಾಜಿನ ಕೊಳವೆ. ಇಂಗ್ಲೆಂಡಿನ ಜೇಮ್ಸ್ ಸಿಕ್ಸ್ ಎಂಬಾತ 18ನೇ ಶತಮಾನದ ಕೊನೆಯ ಹೊತ್ತಿಗೆ ಮಾಡಿದ್ದು, ಈಗಲೂ ಅವನ ಹೆಸರಲ್ಲೇ ಇದೆ. ಒಳಗಿನ ಪಾದರಸ ಎರಡೂ ತೋಳುಗಳಲ್ಲಿ ಒಂದೊಂದು ಪುಟ್ಟ ಕಡ್ಡಿಯನ್ನು ತಳ್ಳುತ್ತದೆ. ಪಾದರಸ ಹಿಂದೆ ಸರಿದರೂ ಕಡ್ಡಿ ಅಲ್ಲೇ ಉಳಿಯುತ್ತದೆ. ಹಾಗಾಗಿ ಒಂದು ತೋಳಿನಲ್ಲಿ ಅತಿ ಹೆಚ್ಚಿನ ಉಷ್ಣತೆ, ಇನ್ನೊಂದರಲ್ಲಿ ಅತಿ ಕಡಿಮೆ ಉಷ್ಣತೆ ನಿಂತಿರುತ್ತದೆ. ಓದಬೇಕಾದ್ದು ಕಡ್ಡಿಯ ಕೆಳತುದಿ, ಅಂದರೆ ಪಾದರಸ ಮುಟ್ಟಿದ್ದ ತುದಿ. ಓದಿ ಆದಮೇಲೆ ಚಿಕ್ಕ ಅಯಸ್ಕಾಂತದಿಂದಲೋ ಗುಂಡಿ ಒತ್ತಿಯೋ ಎರಡೂ ಕಡ್ಡಿಗಳನ್ನು ಪಾದರಸದ ಮೇಲಕ್ಕೆ ಇಳಿಸಬೇಕು. ಇದೇ ರೀಸೆಟ್. ಡಿಜಿಟಲ್ ಥರ್ಮಾಮೀಟರಿನಲ್ಲಿ ಕಡ್ಡಿ ಇಲ್ಲ, ಮೆಮೊರಿ ಇದೆ, ಅಷ್ಟೇ ವ್ಯತ್ಯಾಸ.

ಈಗ ಸೋಮವಾರದ 4 ಗಂಟೆಗೆ ಬನ್ನಿ. ಗರಿಷ್ಠ 34.0 ಮುಟ್ಟಿ ಸ್ವಲ್ಪ ಹೊತ್ತಾಗಿದೆ, ಆದರೂ ಗಾಳಿ ಇನ್ನೂ 33.4 ಡಿಗ್ರಿಯಲ್ಲಿದೆ. ಹುಡುಗಿ ಓದಿ ರೀಸೆಟ್ ಮಾಡಿದಳು. ಆ ಕ್ಷಣದಲ್ಲಿ ಗರಿಷ್ಠದ ಕಡ್ಡಿ ಕೂತಿದ್ದು 33.4ರ ಮೇಲೆ. ಮಂಗಳವಾರ ಉಷ್ಣತೆ 25 ದಾಟಲೇ ಇಲ್ಲ. ಕಡ್ಡಿಯನ್ನು ತಳ್ಳುವವರು ಯಾರೂ ಇಲ್ಲ. ಅದು ಹಿಂದಿನ ದಿನದ ಸಂಜೆಯ ಬಿಸಿಯನ್ನೇ ಹಿಡಿದುಕೊಂಡು ಕೂತಿತ್ತು. ಅಂದರೆ ಒಂದೇ ಸೆಕೆಯ ಮಧ್ಯಾಹ್ನ ಡೈರಿಯಲ್ಲಿ ಎರಡು ಸಲ ಲೆಕ್ಕಕ್ಕೆ ಬಂತು, ತಂಪಾದ ದಿನ ಒಂದು ಸಲವೂ ಬರಲಿಲ್ಲ. ತಿಂಗಳಿಡೀ ಹೀಗೇ ಸಂಜೆ ರೀಸೆಟ್ ಮಾಡಿದರೆ ಸೆಕೆಯ ಹಿಂದೆ ತಂಪು ಬಂದಾಗಲೆಲ್ಲ ಇದೇ ಕಥೆ. ತಿಂಗಳ ಸರಾಸರಿ ನಿಜಕ್ಕಿಂತ ಬಿಸಿ ಕಡೆಗೆ ವಾಲುತ್ತದೆ.

ಇದು ಬರೀ ಮಕ್ಕಳ ಪ್ರಾಜೆಕ್ಟಿನ ತೊಂದರೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಸ್ವಯಂಸೇವಕರು ಹಲವು ದಶಕ ಬರೆದ ಉಷ್ಣತೆಯ ದಾಖಲೆಗಳಲ್ಲಿ ಇದೇ ಆಗಿದೆ. ಮೊದಲು ಬಹಳ ಜನ ಸಂಜೆ ಓದುತ್ತಿದ್ದರು, ಆಮೇಲೆ ನಿಧಾನವಾಗಿ ಬೆಳಿಗ್ಗೆಗೆ ಬದಲಾದರು. ಹವೆ ಬದಲಾಗದಿದ್ದರೂ ದಾಖಲೆಯಲ್ಲಿ ಮಾತ್ರ ತಂಪಾದ ಹಾಗೆ ಕಾಣಿಸಿತು. ಹಳೇ ಅಂಕಿಗಳನ್ನು ಬಳಸುವವರು ಇದಕ್ಕೆ ತಿದ್ದುಪಡಿ ಹಾಕಿಯೇ ಬಳಸಬೇಕು.

ಪರಿಹಾರ ಸುಲಭ. ಬೆಳಿಗ್ಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ, 8 ಗಂಟೆ ಅಂತಿಟ್ಟುಕೊಳ್ಳೋಣ. ದಿನದ ಕನಿಷ್ಠ ಸಾಮಾನ್ಯವಾಗಿ ಸೂರ್ಯ ಹುಟ್ಟುವ ಹೊತ್ತಿಗೆ ಬರುತ್ತದೆ, ಗರಿಷ್ಠ ಮಧ್ಯಾಹ್ನ 2-3 ಗಂಟೆಗೆ. 12 ಗಂಟೆಗೇ ಯಾಕೆ ಬರುವುದಿಲ್ಲ ಅಂದರೆ, ನೆತ್ತಿಯ ಬಿಸಿಲು ಇಳಿಯತೊಡಗಿದ ಮೇಲೂ ನೆಲಕ್ಕೆ ಬರುವ ಶಾಖ ನೆಲ ಬಿಟ್ಟುಕೊಡುವ ಶಾಖಕ್ಕಿಂತ ಇನ್ನೂ ಒಂದಷ್ಟು ಹೊತ್ತು ಜಾಸ್ತಿಯೇ ಇರುತ್ತದೆ. ಬೆಳಿಗ್ಗೆ 8 ಗಂಟೆ ಈ ಎರಡು ತುದಿಗಳ ನಡುವೆ ಬೀಳುತ್ತದೆ. ಹಾಗೆಂದು ಈ ಹೊತ್ತೂ ಪೂರ್ತಿ ನಿರ್ದೋಷಿಯಲ್ಲ. ತುಂಬ ಚಳಿಯ ಬೆಳಗಿನಲ್ಲಿ 8 ಗಂಟೆಗೂ ಗಾಳಿ ತಣ್ಣಗೇ ಇದ್ದು, ಮಾರನೇ ರಾತ್ರಿ ಬೆಚ್ಚಗಾದರೆ, ಆ ಚಳಿ ಎರಡು ಸಲ ಲೆಕ್ಕಕ್ಕೆ ಬರಬಹುದು.

ಬೆಳಿಗ್ಗೆ ಓದುವಾಗ ನೆನಪಿಡಬೇಕಾದ್ದು ಒಂದೇ. ಬುಧವಾರ ಬೆಳಿಗ್ಗೆ ಥರ್ಮಾಮೀಟರಿನಲ್ಲಿ ಸಿಗುವ ಕನಿಷ್ಠ ಬುಧವಾರದ್ದು, ಯಾಕಂದರೆ ಅದು ಆಗಷ್ಟೇ ಬೆಳಗಿನ ಜಾವ ಆಗಿದ್ದು. ಗರಿಷ್ಠ ಮಾತ್ರ ಮಂಗಳವಾರದ ಮಧ್ಯಾಹ್ನದ್ದು. ಅದನ್ನು ಮಂಗಳವಾರದ ಸಾಲಿಗೆ ಹೋಗಿ ಬರೆಯಬೇಕು. ಡೈರಿಯಲ್ಲಿ ಹಿಂದಿನ ಸಾಲಿಗೆ ಹೋಗಿ ಬರೆಯುವುದು ಕಿರಿಕಿರಿ ಅನ್ನಿಸುತ್ತದೆ, ಗೊತ್ತು. ಆದರೆ ಇದನ್ನು ಬಿಟ್ಟರೆ ಮೋಡ ಒಂದು ದಿನದ್ದು, ಬಿಸಿ ಇನ್ನೊಂದು ದಿನದ್ದು ಆಗಿ ಪಕ್ಕಪಕ್ಕ ಕೂತುಬಿಡುತ್ತವೆ.

ಥರ್ಮಾಮೀಟರ್ ಎಲ್ಲಿಡಬೇಕು? ನಮಗೆ ಬೇಕಿರುವುದು ಗಾಳಿಯ ಉಷ್ಣತೆ. ಬಿಸಿಲಿಗೆ ಇಟ್ಟರೆ ಅದು ಗಾಳಿಯನ್ನು ಬಿಟ್ಟು ತನ್ನ ಮೈ ಕಾದಿದ್ದನ್ನೇ ತೋರಿಸುತ್ತದೆ. ಗೋಡೆಗೆ ಅಂಟಿಸಿದರೆ ಗೋಡೆಯ ಬಿಸಿ. ಹವಾಮಾನ ಕೇಂದ್ರಗಳಲ್ಲಿ ಕಾಣುವ ಬಿಳಿ ಬಣ್ಣದ, ಪಟ್ಟಿಪಟ್ಟಿ ಸಂದಿನ ಪೆಟ್ಟಿಗೆ ಇದಕ್ಕೇ ಇರುವುದು. ಸ್ಟೀವನ್ಸನ್ ಪೆಟ್ಟಿಗೆ ಅನ್ನುತ್ತಾರೆ, 19ನೇ ಶತಮಾನದ ಎಂಜಿನಿಯರ್ ಥಾಮಸ್ ಸ್ಟೀವನ್ಸನ್ ಮಾಡಿದ್ದು. ಬಿಸಿಲು ಒಳಗೆ ಬೀಳಬಾರದು, ಗಾಳಿ ಮಾತ್ರ ಆಡಬೇಕು. ಪೆಟ್ಟಿಗೆ ಇಲ್ಲದಿದ್ದರೆ ಇಡೀ ದಿನ ನೆರಳಿರುವ, ಗಾಳಿಯಾಡುವ ಜಾಗದಲ್ಲಿ, ನೆಲದಿಂದ ಒಂದೂಕಾಲು ಮೀಟರಿನಿಂದ ಎರಡು ಮೀಟರ್ ಎತ್ತರದಲ್ಲಿ ತೂಗುಹಾಕಿದರೆ ಸಾಕು. ಜಾಗ ಸರಿಯಿಲ್ಲ ಅಂತ ಡೈರಿಯೇ ಹೇಳುತ್ತದೆ. ಬಿಸಿಲಿನ ದಿನಗಳಲ್ಲಿ ಮಾತ್ರ ನಿಮ್ಮ ಗರಿಷ್ಠ ಹತ್ತಿರದ ಹವಾಮಾನ ಕೇಂದ್ರದ್ದಕ್ಕಿಂತ ನಾಲ್ಕೈದು ಡಿಗ್ರಿ ಮೇಲಿದ್ದು, ಮೋಡದ ದಿನಗಳಲ್ಲಿ ಹತ್ತಿರ ಹತ್ತಿರ ಇದ್ದರೆ, ಎಲ್ಲಿಂದಲೋ ಬಿಸಿಲು ಬೀಳುತ್ತಿದೆ ಎಂದೇ ಅರ್ಥ. ಎಲ್ಲ ದಿನವೂ ಒಂದೇ ಸಮನೆ 0.6 ಡಿಗ್ರಿ ಜಾಸ್ತಿ ಇದ್ದರೆ ಉಪಕರಣದ್ದೇ ದೋಷ ಇರಬಹುದು. ನೀರಿಗೆ ಹಾಕಬಹುದಾದ ಥರ್ಮಾಮೀಟರ್ ಆದರೆ ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಸೇರಿಸಿ, ಕಲಕಿ, ಅದರಲ್ಲಿ ಅದ್ದಿ ನೋಡಿ. ಸೊನ್ನೆ ತೋರಿಸಬೇಕು.

ಇನ್ನು ಮಳೆ. ಇಲ್ಲೂ ಅಂಕಿ ಯಾವ ದಿನದ್ದು ಅನ್ನುವ ಪ್ರಶ್ನೆ ಇದೆ, ಅದಕ್ಕಿಂತ ಮೊದಲು ಎಷ್ಟು ಅನ್ನುವುದೇ ಎಡವಟ್ಟಾಗುತ್ತದೆ. 1 ಮಿ.ಮೀ. ಮಳೆ ಅಂದರೆ ಸಮತಟ್ಟಾದ ನೆಲದ ಮೇಲೆ ನೀರು ಎಲ್ಲೂ ಹರಿದುಹೋಗದೆ, ಇಂಗದೆ ನಿಂತರೆ ಅದರ ಆಳ 1 ಮಿ.ಮೀ. ಒಂದು ಚದರ ಮೀಟರಿಗೆ ಲೆಕ್ಕ ಹಾಕಿದರೆ ಸರಿಯಾಗಿ 1 ಲೀಟರ್ ನೀರು. ನೇರ ಗೋಡೆಯ ಡಬ್ಬಿಯನ್ನು ಬಯಲಲ್ಲಿಟ್ಟು ಸ್ಕೇಲ್ ಇಳಿಸಿದರೆ ಆಳ ಸಿಕ್ಕೇಬಿಡುತ್ತದೆ, ಡಬ್ಬಿ ದೊಡ್ಡದಿರಲಿ ಚಿಕ್ಕದಿರಲಿ. ಬಾಯಿ ದೊಡ್ಡದಾದರೆ ನೀರೂ ಜಾಸ್ತಿ ಬೀಳುತ್ತದೆ, ಹರಡಿಕೊಳ್ಳುವ ಜಾಗವೂ ಜಾಸ್ತಿ, ಆಳ ಅಷ್ಟೇ.

ಎಡವಟ್ಟಾಗುವುದು ಬಾಟಲಿಗೆ ಲಾಳಿಕೆ ಇಟ್ಟಾಗ. ಲಾಳಿಕೆಯ ಬಾಯಿ 10 ಸೆಂ.ಮೀ. ಅಗಲ, ಕೆಳಗಿನ ಬಾಟಲಿ 7 ಸೆಂ.ಮೀ. ಅಗಲ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ನೋಡಿದರೆ ಬಾಟಲಿಯಲ್ಲಿ 16 ಮಿ.ಮೀ. ನೀರು. ಹುಡುಗಿ "ಮಳೆ 16" ಅಂತ ಬರೆದರೆ ನಿಜದ ಎರಡರಷ್ಟು ಬರೆದ ಹಾಗೆ. ನೀರು ಹಿಡಿದಿದ್ದು ಅಗಲವಾದ ಬಾಯಿ, ತುಂಬಿದ್ದು ಕಿರಿದಾದ ಬಾಟಲಿ. ಅಳತೆ ಗ್ಲಾಸಿಗೆ ಸುರಿದು ನೋಡಿದರೆ 62 ಮಿ.ಲೀ. ಇದೆ. ಬಾಯಿಯ ವಿಸ್ತೀರ್ಣ 3.14 × 5 × 5, ಅಂದರೆ 78.5 ಚದರ ಸೆಂ.ಮೀ. 62ನ್ನು 78.5ರಿಂದ ಭಾಗಿಸಿದರೆ 0.79 ಸೆಂ.ಮೀ. ಮಳೆ 7.9 ಮಿ.ಮೀ. ಈ ದಾರಿಯೇ ವಾಸಿ, ಬಾಟಲಿಯ ತಳ ಉಬ್ಬಿದ್ದರೂ ಸೊಟ್ಟಗಿದ್ದರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮಳೆಮಾಪಕ ಮರದ ಕೆಳಗೆ, ಸೂರಿನ ಪಕ್ಕ ಬೇಡ. ಹತ್ತಿರದ ಗೋಡೆಯೋ ಮರವೋ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇಟ್ಟರೆ ಒಳ್ಳೆಯದು. ನೆಲಕ್ಕೆ ತಾಗಿಸಿ ಇಟ್ಟರೆ ಸಿಡಿದ ಹನಿಗಳು ಒಳಗೆ ಬರುತ್ತವೆ. ತುಂಬ ಎತ್ತರಕ್ಕೆ ಏರಿಸಿದರೆ ಗಾಳಿ ಹನಿಗಳನ್ನು ಬಾಯಿಯ ಮೇಲಿಂದ ಹಾರಿಸಿಕೊಂಡು ಹೋಗುತ್ತದೆ, ಮಳೆ ಕಡಿಮೆ ಬಿದ್ದ ಹಾಗೆ ಕಾಣುತ್ತದೆ. ಜೋರು ಗಾಳಿಯ ಮಳೆಯನ್ನು ಯಾವ ಮಾಪಕವೂ ಪೂರ್ತಿ ಹಿಡಿಯುವುದಿಲ್ಲ. ಆ ದಿನ ಪಕ್ಕದಲ್ಲಿ "ಜೋರು ಗಾಳಿ" ಅಂತ ಒಂದು ಮಾತು ಬರೆದಿಟ್ಟರೆ ಸಾಕು.

ಬೆಳಿಗ್ಗೆ 8ಕ್ಕೆ ಅಳೆದ ಮಳೆ ಹಿಂದಿನ 24 ಗಂಟೆಯದು. ಅದರಲ್ಲಿ ನಿನ್ನೆ ಮಧ್ಯಾಹ್ನ ಬಿದ್ದಿದ್ದೂ ಇರಬಹುದು, ಇವತ್ತು ಬೆಳಗಿನ ಜಾವದ್ದೂ ಇರಬಹುದು. ಹವಾಮಾನ ಇಲಾಖೆಗಳಲ್ಲೂ ಇದನ್ನು ಅಳೆದ ದಿನಕ್ಕೆ ಹಾಕುವ ಪದ್ಧತಿ ಇದೆ, ಹಿಂದಿನ ದಿನಕ್ಕೆ ಹಾಕುವ ಪದ್ಧತಿಯೂ ಇದೆ. ನೀವು ಯಾವುದನ್ನಾದರೂ ಹಿಡಿಯಿರಿ, ಆದರೆ ಡೈರಿಯ ಮೊದಲ ಪುಟದಲ್ಲೇ ಬರೆದುಬಿಡಿ. ಜೊತೆಗೆ ಮಳೆ ಬಂದ ಹೊತ್ತನ್ನು ಮಾತಿನಲ್ಲಿ ಬರೆಯಿರಿ. "ಸಂಜೆ 5ರಿಂದ 6, ಗುಡುಗು ಸಹಿತ" ಅನ್ನುವ ಒಂದು ಸಾಲು ಆಮೇಲೆ ತುಂಬ ಕೆಲಸಕ್ಕೆ ಬರುತ್ತದೆ.

ಸೊನ್ನೆಗೂ ಖಾಲಿ ಜಾಗಕ್ಕೂ ವ್ಯತ್ಯಾಸ ಇರಲಿ. 0 ಅಂದರೆ ನೋಡಿದೆ, ಮಳೆ ಇಲ್ಲ. ಅಡ್ಡಗೆರೆ ಅಂದರೆ ನೋಡಲಿಲ್ಲ. ನೆಲ ಒದ್ದೆಯಾಗಿದೆ, ಮಾಪಕದಲ್ಲಿ ಅಳೆಯುವಷ್ಟು ನೀರಿಲ್ಲ ಅಂದರೆ "ಹನಿ" ಅಂತ ಬರೆಯಬಹುದು. ಭಾನುವಾರ ಮರೆತು ಸೋಮವಾರ 12 ಮಿ.ಮೀ. ಸಿಕ್ಕರೆ "ಎರಡು ದಿನದ್ದು ಸೇರಿ 12" ಅಂತಲೇ ಬರೆಯಬೇಕು, 6 ಮತ್ತು 6 ಅಂತ ಹಂಚಬಾರದು.

ಮೋಡದ ಕಾಲಂ ಅಂದರೆ ಹೆಚ್ಚಿನವರಿಗೆ ಅಲಕ್ಷ್ಯ. "ಸ್ವಲ್ಪ ಮೋಡ", "ಮೋಡ ಕವಿದಿದೆ" ಅಂತ ಸುಮ್ನೆ ಬರೆದು ಮುಗಿಸುತ್ತಾರೆ. ನನ್ನ ಪ್ರಕಾರ ಡೈರಿಯ ಜೀವ ಇರುವುದೇ ಈ ಕಾಲಮಿನಲ್ಲಿ. ಇಲ್ಲಿ ಉಪಕರಣ ಬೇಡ, ಕಣ್ಣು ಸಾಕು. ಆಕಾಶವನ್ನು 8 ಪಾಲು ಅಂದುಕೊಂಡು ಎಷ್ಟು ಪಾಲು ಮುಚ್ಚಿದೆ ಅಂತ ಹೇಳಬೇಕು. ಹವಾಮಾನದವರು ಈ ಪಾಲಿಗೆ ಆಕ್ಟಾ ಅನ್ನುತ್ತಾರೆ. ಒಂದೇ ನೋಟಕ್ಕೆ 8 ಪಾಲು ಮಾಡುವುದು ಕಷ್ಟ. ಆಕಾಶವನ್ನು ನಾಲ್ಕು ಕಾಲು ಮಾಡಿ, ಒಂದೊಂದು ಕಾಲಿಗೆ 0, 1 ಅಥವಾ 2 ಕೊಟ್ಟು ಕೂಡಿಸಿ. ಎರಡು ಕಟ್ಟುಪಾಡು ಇದೆ. ಒಂದೇ ಒಂದು ಚೂರು ಮೋಡ ಇದ್ದರೂ 0 ಬರೆಯುವ ಹಾಗಿಲ್ಲ, 1 ಬರೆಯಬೇಕು. ಒಂದೇ ಒಂದು ಚೂರು ನೀಲಿ ಕಂಡರೂ 8 ಬರೆಯುವ ಹಾಗಿಲ್ಲ, 7 ಬರೆಯಬೇಕು. ಮಂಜು ಕವಿದು ಆಕಾಶವೇ ಕಾಣದಿದ್ದರೆ 9.

ಕಣ್ಣು ಮೋಸ ಹೋಗುವುದು ದಿಗಂತದ ಹತ್ತಿರ. ತಲೆಯ ಮೇಲಿನ ಮೋಡದ ತಳ ಮಾತ್ರ ಕಾಣುತ್ತದೆ, ಮೋಡಗಳ ನಡುವಿನ ನೀಲಿಯೂ ಕಾಣುತ್ತದೆ. ದೂರದ ಮೋಡಗಳನ್ನು ಪಕ್ಕದಿಂದ ನೋಡುತ್ತೇವೆ, ಅವುಗಳ ಗೋಡೆ ನಡುವಿನ ನೀಲಿಯನ್ನು ಮುಚ್ಚಿಬಿಡುತ್ತದೆ. ಹಾಗಾಗಿ ದೂರದಲ್ಲಿ ಮೋಡ ಒತ್ತೊತ್ತಾಗಿ ಇದ್ದಂತೆ ಅನ್ನಿಸುತ್ತದೆ. ಬರೀ ಎದುರಿಗೆ ನೋಡಿ ಅಂಕಿ ಹಾಕಿದರೆ 3 ಇರುವುದು 5 ಆಗುತ್ತದೆ. ತಲೆ ಎತ್ತಿ, ಸುತ್ತ ತಿರುಗಿ ನೋಡಬೇಕು.

ಮೋಡದ ಜಾತಿಗೆ ಮೂರು ಹೆಸರು ಸಾಕು. ಗರಿಯಂತೆ ತೆಳ್ಳಗೆ, ತೀರಾ ಮೇಲಿರುವುದು ಸಿರಸ್. ತಳ ಚಪ್ಪಟೆ, ತಲೆ ಉಬ್ಬಿಕೊಂಡು ಗುಪ್ಪೆಗುಪ್ಪೆಯಾಗಿರುವುದು ಕ್ಯುಮುಲಸ್. ಆಕಾಶಕ್ಕೆ ಬೂದು ಹೊದಿಸಿದಂತೆ ಒಂದೇ ಸಮ ಇರುವುದು ಸ್ಟ್ರೇಟಸ್. 1802ರಲ್ಲಿ ಲಂಡನ್ನಿನಲ್ಲಿ ಲ್ಯೂಕ್ ಹೋವರ್ಡ್ ಎಂಬ ಔಷಧ ತಯಾರಕ ಒಂದು ಸಣ್ಣ ಸಭೆಯಲ್ಲಿ ಓದಿದ ಪ್ರಬಂಧದಿಂದ ಬಂದ ಹೆಸರುಗಳಿವು. ಅವನೂ ಹವಾಮಾನದ ಡೈರಿ ಬರೆಯುತ್ತಿದ್ದವನೇ. ಜಾತಿ ಯಾಕೆ ಬೇಕು ಅಂದರೆ, 8 ಪಾಲು ಸಿರಸ್ ಇದ್ದರೂ ಬಿಸಿಲು ನೆಲಕ್ಕೆ ಬೀಳುತ್ತಿರುತ್ತದೆ, ನಿಮ್ಮ ನೆರಳೂ ಕಾಣುತ್ತಿರುತ್ತದೆ. 8 ಪಾಲು ಸ್ಟ್ರೇಟಸ್ ಇದ್ದರೆ ಹಾಗಲ್ಲ.

ಈಗ ಮೂರೂ ಕಾಲಂ ಒಟ್ಟಿಗೆ ಓದೋಣ. ಹುಡುಗಿ ಬೆಳಿಗ್ಗೆ ಓದುವುದಕ್ಕೆ ಬದಲಾದಳು, ಗರಿಷ್ಠವನ್ನು ಹಿಂದಿನ ಸಾಲಿಗೆ ಹಾಕತೊಡಗಿದಳು, ಮಳೆಯನ್ನೂ ಬಿದ್ದ ದಿನದ ಸಾಲಿಗೇ ಹಾಕಿದಳು ಅನ್ನೋಣ. ಎರಡನೇ ವಾರದ ಐದು ದಿನ ಹೀಗಿದೆ:

9ನೇ ತಾರೀಖು: ಗರಿಷ್ಠ 33.4, ಕನಿಷ್ಠ 19.8, ಮೋಡ 1, ಮಳೆ 0
10: ಗರಿಷ್ಠ 33.0, ಕನಿಷ್ಠ 20.5, ಮೋಡ 2, ಮಳೆ 0
11: ಗರಿಷ್ಠ 30.2, ಕನಿಷ್ಠ 22.9, ಮೋಡ 6, ಹನಿ
12: ಗರಿಷ್ಠ 26.8, ಕನಿಷ್ಠ 22.4, ಮೋಡ 8, ಮಳೆ 18.5
13: ಗರಿಷ್ಠ 29.6, ಕನಿಷ್ಠ 21.6, ಮೋಡ 2, ಮಳೆ 0

ಗರಿಷ್ಠದಿಂದ ಕನಿಷ್ಠ ಕಳೆದು ನೋಡಿ. 13.6, 12.5, 7.3, 4.4, 8.0. ಮೋಡ ಏರಿದ ಹಾಗೆ ಈ ಅಂತರ ಕುಗ್ಗಿದೆ. ಕುಗ್ಗಿದ್ದು ಎರಡೂ ಕಡೆಯಿಂದ. 9ಕ್ಕಿಂತ 12ರಂದು ಗರಿಷ್ಠ 6.6 ಡಿಗ್ರಿ ಇಳಿದಿದೆ, ಯಾಕಂದರೆ ಮೋಡ ಬಿಸಿಲನ್ನು ಮೇಲಕ್ಕೇ ವಾಪಸ್ ಕಳಿಸಿತು. ಆದರೆ ಕನಿಷ್ಠ 2.6 ಡಿಗ್ರಿ ಏರಿದೆ! ಮಳೆಯ ದಿನ ರಾತ್ರಿ ಹೆಚ್ಚು ಬೆಚ್ಚಗಿತ್ತು ಅಂದರೆ ಮೊದಲು ನಂಬುವುದು ಕಷ್ಟ ಅಲ್ವಾ? ರಾತ್ರಿ ನೆಲ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬಿಡುತ್ತಿರುತ್ತದೆ. ಆಕಾಶ ಖಾಲಿಯಿದ್ದರೆ ಬಹಳಷ್ಟು ಹೋಗಿಯೇಬಿಡುತ್ತದೆ. ಮೋಡ ಇದ್ದರೆ ಅದು ಆ ಕಿರಣಗಳನ್ನು ಹೀರಿ, ತಾನೂ ಅಂಥದ್ದೇ ಕಿರಣಗಳನ್ನು ಕೆಳಕ್ಕೆ ಸೂಸುತ್ತದೆ. ನೆಲ ಆರುವುದು ನಿಧಾನವಾಗುತ್ತದೆ.

13ನೇ ತಾರೀಖನ್ನು ಮಾತ್ರ ಬೇರೆಯಾಗಿ ನೋಡಬೇಕು. ಮೋಡ 2, ಹೆಚ್ಚು ಕಡಿಮೆ 10ನೇ ತಾರೀಖಿನಂಥದ್ದೇ ಆಕಾಶ. ಆದರೂ ಗರಿಷ್ಠ 33ಕ್ಕೆ ಏರದೆ 29.6ಕ್ಕೇ ನಿಂತಿದೆ. ಕಾರಣ ಹಿಂದಿನ ದಿನದ 18.5 ಮಿ.ಮೀ. ಮಳೆ ಇರಬಹುದು. ಒದ್ದೆ ನೆಲದ ಮೇಲೆ ಬಿದ್ದ ಬಿಸಿಲಿನ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ, ಗಾಳಿ ಕಾಯಿಸಲು ಉಳಿಯುವುದು ಕಡಿಮೆ. ಬೇರೆ ದಿಕ್ಕಿನಿಂದ ತಂಪು ಗಾಳಿ ಬೀಸಿದ್ದರೂ ಹೀಗಾಗಬಹುದು. ಅದಕ್ಕೇ ಗಾಳಿ ಯಾವ ಕಡೆಯಿಂದ ಅಂತ ಒಂದು ಪದ ಬರೆದಿದ್ದರೆ ಈ ಅನುಮಾನ ಬಗೆಹರಿಯುತ್ತಿತ್ತು.

ಈ ಲೆಕ್ಕ ಕೆಲವು ದಿನ ಕೈಕೊಡುತ್ತದೆ. ಬೆಳಿಗ್ಗೆ 8ಕ್ಕೆ ಮೋಡ 8 ಅಂತ ಬರೆದಿರುತ್ತೀರಿ, ಅದು ತೆಳ್ಳನೆಯ ತಗ್ಗು ಮೋಡ, 10 ಗಂಟೆಗೆ ಕರಗಿ ಹೋಗಿ ಇಡೀ ದಿನ ಬಿಸಿಲು. ಆಗ ಮೋಡ 8, ಗರಿಷ್ಠ 33 ಅಂತ ಒಂದು ವಿಚಿತ್ರ ಸಾಲು ಉಳಿಯುತ್ತದೆ. ಹಾಗಾಗಿ ಮೋಡವನ್ನು ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ ಮೂರು ಸಲ ನೋಡುವುದು ಒಳ್ಳೆಯದು. ರಾತ್ರಿ ನಕ್ಷತ್ರ ಎಲ್ಲೆಲ್ಲಿ ಕಾಣುವುದಿಲ್ಲ ಅಂತ ನೋಡಿದರೆ ಮೋಡದ ಅಂದಾಜು ಸಿಗುತ್ತದೆ. ಇನ್ನೊಂದು, ಮಧ್ಯಾಹ್ನ ಗುಡುಗು ಮಳೆ ಬಂದಾಗ ಮೇಲಿನ ತಣ್ಣನೆ ಗಾಳಿ ಧಡಕ್ಕನೆ ಕೆಳಕ್ಕೆ ಇಳಿದು ಉಷ್ಣತೆ ಸ್ವಲ್ಪ ಹೊತ್ತಿನಲ್ಲೇ ಹತ್ತು ಡಿಗ್ರಿಯವರೆಗೂ ಬೀಳಬಹುದು. ಅಂಥ ದಿನ ಕನಿಷ್ಠ ಬೆಳಗಿನ ಜಾವದಲ್ಲಿ ಬರದೆ ಮಳೆಯ ಹೊತ್ತಿನಲ್ಲೇ ಬಂದಿರಲೂಬಹುದು. "ಸಂಜೆ 5ರಿಂದ 6, ಗುಡುಗು ಸಹಿತ" ಅನ್ನುವ ಸಾಲು ಆಗ ಉಪಯೋಗಕ್ಕೆ ಬರುತ್ತದೆ.

ಡೈರಿಯಲ್ಲಿ ಇನ್ನೊಂದು ಅಂಕಿಯನ್ನೂ ಬರೆದುಕೊಳ್ಳಲು ನಾನು ಹೇಳುತ್ತೇನೆ, ರೀಸೆಟ್ ಮಾಡುವ ಕ್ಷಣದ ಉಷ್ಣತೆ. ಇದು ಕಾವಲುಗಾರ. ಇವತ್ತು ಬೆಳಿಗ್ಗೆ 8ಕ್ಕೆ 24.3 ಇತ್ತು ಅಂದರೆ ನಾಳೆ ಬೆಳಿಗ್ಗೆ ಸಿಗುವ ಗರಿಷ್ಠ 24.3ಕ್ಕಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ, ಕನಿಷ್ಠ ಅದಕ್ಕಿಂತ ಜಾಸ್ತಿ ಇರಲು ಸಾಧ್ಯವಿಲ್ಲ. ಹಾಗಿದ್ದರೆ ಓದಿದ್ದು ತಪ್ಪು ಅಥವಾ ಕಡ್ಡಿ ಸಿಕ್ಕಿಹಾಕಿಕೊಂಡಿದೆ. ಗರಿಷ್ಠ ಸರಿಯಾಗಿ 24.3ಕ್ಕೇ ನಿಂತಿದ್ದರೆ, ಮೊದಲು ಹೇಳಿದ ಹಳೇ ಬಿಸಿಯ ಪ್ರಕರಣ ಇರಬಹುದು. ತಿಂಗಳ ಕೊನೆಯ ರಾತ್ರಿ ಕೂತು ಒಂದೇ ಪೆನ್ನಿನಲ್ಲಿ 30 ದಿನ ತುಂಬಿದವರು ಸಾಮಾನ್ಯವಾಗಿ ಸಿಕ್ಕಿಬೀಳುವುದೂ ಇಲ್ಲೇ, ಜೊತೆಗೆ ಅಂಕಿಗಳೆಲ್ಲ .0 ಅಥವಾ .5ರಲ್ಲೇ ಮುಗಿದಿರುತ್ತವೆ.

ತಿಂಗಳ ಕೊನೆಗೆ ಉಷ್ಣತೆಗೆ ಸರಾಸರಿ, ಮಳೆಗೆ ಮೊತ್ತ. ಒಂದು ದಿನ ಥರ್ಮಾಮೀಟರ್ ಓದದಿದ್ದರೆ ಆ ದಿನ ಬಿಟ್ಟು ಉಳಿದ ದಿನಗಳಿಂದ ಭಾಗಿಸಿ, ಎಷ್ಟು ದಿನದ ಸರಾಸರಿ ಅಂತ ಬರೆಯಿರಿ. ಎರಡು ದಿನ ಸೇರಿದ 12 ಮಿ.ಮೀ. ಮೊತ್ತಕ್ಕೆ ಧಾರಾಳವಾಗಿ ಸೇರುತ್ತದೆ, ಆದರೆ "ಅತಿ ಹೆಚ್ಚು ಮಳೆಯ ದಿನ" ಹುಡುಕುವಾಗ ಅದನ್ನು ಒಂದು ದಿನದ ಮಳೆ ಅಂತ ತೆಗೆದುಕೊಳ್ಳಬಾರದು. "ಈ ತಿಂಗಳು ಸೆಕೆ ಜಾಸ್ತಿ" ಅಂತ ಈ ಡೈರಿ ನೋಡಿ ಹೇಳಲು ಬರುವುದಿಲ್ಲ. ಜಾಸ್ತಿ ಕಡಿಮೆ ಹೇಳಲು ವಿಶ್ವ ಹವಾಮಾನ ಸಂಸ್ಥೆ 30 ವರ್ಷದ ಸರಾಸರಿಯನ್ನು ಅಳತೆಗೋಲು ಮಾಡಿಕೊಂಡಿದೆ, ಸದ್ಯಕ್ಕೆ 1991ರಿಂದ 2020ರದ್ದು.

ಒಂದು ತಿಂಗಳ ಡೈರಿ ಇನ್ನೊಂದು ಕೆಲಸಕ್ಕೆ ಮಾತ್ರ ಧಾರಾಳ ಸಾಕು. ಕೊನೆಯ ಹತ್ತು ದಿನ, ಮಲಗುವ ಮುಂಚೆ ಮೋಡ ನೋಡಿ, ನಾಳೆಯ ಕನಿಷ್ಠ ಎಷ್ಟಿರಬಹುದು ಅಂತ ಪೆನ್ಸಿಲ್ಲಿನಲ್ಲಿ ಬರೆಯಿರಿ. ಪಕ್ಕದಲ್ಲೇ ಇವತ್ತಿನ ಕನಿಷ್ಠವನ್ನೂ ಬರೆಯಿರಿ, "ನಾಳೆಯೂ ಇವತ್ತಿನ ಹಾಗೇ" ಅನ್ನುವವನ ಊಹೆ ಅದು. ಬೆಳಿಗ್ಗೆ ನಿಜವಾದ ಅಂಕಿ ಬಂದಮೇಲೆ ಎರಡೂ ಊಹೆ ಎಷ್ಟೆಷ್ಟು ತಪ್ಪಿದವು ಅಂತ ಕಳೆದು ನೋಡಿ. ಹವಾಮಾನ ಮುನ್ಸೂಚನೆ ಮಾಡುವವರೂ ತಮ್ಮ ಕೆಲಸವನ್ನು ಹೀಗೆ ಒರೆಗೆ ಹಚ್ಚುತ್ತಾರೆ. ಆಕಾಶ ಒಂದೇ ತರ ಇರುವ ದಿನಗಳಲ್ಲಿ "ಇವತ್ತಿನ ಹಾಗೇ" ಅನ್ನುವವನನ್ನು ಸೋಲಿಸುವುದು ಕಷ್ಟ. ಖಾಲಿ ಆಕಾಶ ಸಂಜೆ ಹೊತ್ತಿಗೆ 6 ಪಾಲು ತುಂಬಿಕೊಂಡ ದಿನ ನೀವು ಗೆಲ್ಲುವ ಸಾಧ್ಯತೆ ಜಾಸ್ತಿ.